ಟೆನಿಸ್ ಎಲ್ಬೋ: ಬಾಟಲಿಯನ್ನು ನಿಧಾನವಾಗಿ ಇಳಿಸಿ

ಮೊಣಕೈ ನೋವೆಂದು ಬರುವವರನ್ನು ನಾನು ಮೊದಲು ಕೇಳುವುದು, ವ್ಯಾಯಾಮ ಮಾಡುತ್ತಿದ್ದೀರಾ ಎಂದು. ಹೆಚ್ಚಿನವರು ಮಾಡುತ್ತಲೇ ಇರುತ್ತಾರೆ. ಮಾಡಿ ತೋರಿಸಿ ಎಂದರೆ ಡಂಬೆಲ್ ಹಿಡಿದು, ಬೀಸಣಿಗೆ ಬೀಸಿಕೊಂಡಂತೆ ಮಣಿಕಟ್ಟನ್ನು ಪಟಪಟನೆ ಮೇಲೆ ಕೆಳಗೆ ಆಡಿಸುತ್ತಾರೆ. ಹದಿನೈದು ಸಲ ಮುಗಿಯುವುದಕ್ಕೆ ಹದಿನೈದು ಸೆಕೆಂಡು ಕೂಡ ಬೇಕಾಗುವುದಿಲ್ಲ. ಮೂರು ತಿಂಗಳು ಹೀಗೆ ಬೀಸಿಕೊಂಡು, ಕೊನೆಗೆ ವ್ಯಾಯಾಮದ ಮೇಲೆ ಗೂಬೆ ಕೂರಿಸುತ್ತಾರೆ. ಅವರು ಆರಿಸಿಕೊಂಡ ವ್ಯಾಯಾಮದಲ್ಲಿ ತಪ್ಪಿರುವುದಿಲ್ಲ. ಅದರಲ್ಲಿ ಕೆಲಸ ಮಾಡುವ ಅರ್ಧಭಾಗವನ್ನೇ ಅವರು ಹಾರಿಸಿರುತ್ತಾರೆ.

ಈ ತೊಂದರೆಗೆ ಟೆನಿಸ್ಸಿನ ಹೆಸರು ಅಂಟಿಕೊಂಡದ್ದು 1880ರ ದಶಕದಲ್ಲಿ. ಆದರೆ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಟೆನಿಸ್ ಆಡಿದವರಲ್ಲ, ಮೌಸ್ ಹಿಡಿದವರು. ಇನ್ನು ಕೆಲವರದು ಎರಡೂ ಸೇರಿದ ಕಥೆ: ವಾರದ ಐದು ದಿನ ಮೌಸ್, ಭಾನುವಾರ ಎರಡು ಗಂಟೆ ರ‍್ಯಾಕೆಟ್.

ಮುಷ್ಟಿ ಬಿಗಿದರೆ ನೋವು ಮೊಣಕೈಯ ಹೊರಬದಿಯಲ್ಲಿ ಏಕೆ ಬರುತ್ತದೆ? ಬೆರಳು ಮಡಿಸುವ ಸ್ನಾಯುಗಳು ಮಣಿಕಟ್ಟನ್ನು ದಾಟಿ ಹೋಗುತ್ತವೆ. ಅವು ಎಳೆದಾಗ ಬೆರಳಿನ ಜೊತೆಗೆ ಮಣಿಕಟ್ಟೂ ಒಳಕ್ಕೆ ಬಾಗಬೇಕು. ಹಾಗೆ ಬಾಗದಂತೆ ಹಿಂದಿನಿಂದ ಎಳೆದು ಹಿಡಿಯುವುದು ಮುಂಗೈಯ ಮೇಲ್ಬದಿಯ ಸ್ನಾಯುಗಳ ಕೆಲಸ. ಆ ಸ್ನಾಯುಗಳಲ್ಲಿ ಹೆಚ್ಚಿನವು ಬಂದು ಸೇರುವುದು ಮೊಣಕೈ ಹೊರಬದಿಯ ಸಣ್ಣದೊಂದು ಎಲುಬಿನ ಗುಬುಟಿಗೆ. ಮೌಸ್ ಹಿಡಿದು ಮಣಿಕಟ್ಟನ್ನು ಮೇಲಕ್ಕೆತ್ತಿ ಕೂತವರಲ್ಲಿ ಇವು ದಿನವಿಡೀ ಸಣ್ಣಗೆ ಬಿಗಿದೇ ಇರುತ್ತವೆ. ಬ್ಯಾಕ್‌ಹ್ಯಾಂಡ್ ಹೊಡೆತದಲ್ಲಿ ಮಣಿಕಟ್ಟು ಬಾಗಿದವರಲ್ಲಿ ಚೆಂಡಿನ ಪೆಟ್ಟೆಲ್ಲ ಇವುಗಳ ಬುಡಕ್ಕೇ ಬೀಳುತ್ತದೆ. ಬಹಳ ದಿನದ ನೋವಿನಲ್ಲಿ, ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುವಿನ ಎಳೆಗಳು ಕ್ರಮ ತಪ್ಪಿ ಸಡಿಲವಾಗಿರುತ್ತವೆಯೇ ಹೊರತು ಉರಿಯೂತ ಅಷ್ಟಾಗಿ ಇರುವುದಿಲ್ಲ. ಆದ್ದರಿಂದ ಐಸ್ ಮತ್ತು ಮುಲಾಮು ಆ ಹೊತ್ತಿಗೆ ಹಾಯೆನಿಸುತ್ತವೆ, ಅಷ್ಟೆ. ಎಳೆಗಳು ಮತ್ತೆ ಗಟ್ಟಿಯಾಗಬೇಕಾದರೆ ಅವುಗಳ ಮೇಲೆ ಅಳೆದು ಭಾರ ಹಾಕಬೇಕು.

ಹೆಜ್ಜೆ 1: ಇದು ಅದೇ ನೋವೇ?

ಮೊಣಕೈಯನ್ನು ನೇರ ಮಾಡಿ, ಅಂಗೈ ಕೆಳಗಿರುವಂತೆ ನೀರು ತುಂಬಿದ ಬಾಟಲಿಯೊಂದನ್ನು ಮೇಲಿನಿಂದ ಹಿಡಿದು ಎತ್ತಿ. ನಂತರ ಅಂಗೈಯನ್ನು ಮೇಲೆ ತಿರುಗಿಸಿ ಅದನ್ನೇ ಎತ್ತಿ. ಮೊದಲನೆಯದರಲ್ಲಿ ಹೊರಬದಿಯ ಗುಬುಟಿಯ ಬಳಿ ಚುಚ್ಚಿ, ಎರಡನೆಯದು ಸುಲಭವಾದರೆ ಇದು ಟೆನಿಸ್ ಎಲ್ಬೋ ಇರಬಹುದು. ನೋವು ಒಳಬದಿಯಲ್ಲಿದ್ದರೆ ಅದು ಬೇರೆ ತೊಂದರೆ, ಈ ಲೇಖನ ಅದಕ್ಕಲ್ಲ.

ಹೆಜ್ಜೆ 2: ದಿನದ ಹೊರೆ ಇಳಿಸಿ

ಮೌಸನ್ನು ಕೀಲಿಮಣೆಯ ಪಕ್ಕಕ್ಕೇ ಎಳೆದುಕೊಳ್ಳಿ, ಮುಂಗೈ ಮೇಜಿನ ಮೇಲೆ ಒರಗಲಿ, ಕೀಲಿಮಣೆಯ ಹಿಂದಿನ ಮಡಿಸುವ ಕಾಲುಗಳನ್ನು ಮಡಿಸಿಬಿಡಿ. ವಸ್ತುಗಳನ್ನು ಅಂಗೈ ಮೇಲೆ ಮಾಡಿ ಎತ್ತಿ. ರ‍್ಯಾಕೆಟ್ ಒಂದೆರಡು ವಾರ ಚೀಲದಲ್ಲಿರಲಿ. ಕೈಯನ್ನು ಜೋಲಿಯಲ್ಲಿ ತೂಗುಹಾಕಿ ಪೂರ್ತಿ ವಿಶ್ರಾಂತಿ ಕೊಡುವವರಿದ್ದಾರೆ. ಅದು ಬೇಡ, ಸ್ನಾಯು ಇನ್ನಷ್ಟು ಸೊರಗುತ್ತದೆ.

ಹೆಜ್ಜೆ 3: ಅಲುಗಾಡದ ಬಿಗಿತ

ನೋವು ಹೆಚ್ಚಿರುವಾಗ ಇಲ್ಲಿಂದ ಆರಂಭಿಸಿ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಗೆ ಮಾಡಿ, ಅಂಗೈಯ ಹಿಂಬದಿಯನ್ನು ಇನ್ನೊಂದು ಕೈಯಿಂದ ಒತ್ತಿ. ಮಣಿಕಟ್ಟು ಅಲುಗದಂತೆ 30ರಿಂದ 45 ಸೆಕೆಂಡು ಎದುರೊತ್ತಿ. ದಿನಕ್ಕೆ ಐದು ಸಲ ಸಾಕು. ಒಂದೆರಡು ವಾರದಲ್ಲಿ ನೋವು ಪಳಗಿದರೆ ಮುಂದಕ್ಕೆ ಹೋಗಿ.

ಹೆಜ್ಜೆ 4: ಇಳಿಸುವುದು

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಒಂದು ಲೀಟರ್ ಬಾಟಲಿ ಮತ್ತು ಹಿಡಿ ಇರುವ ಬಟ್ಟೆಚೀಲ ಬೇಕು. ಡಂಬೆಲ್‌ಗಿಂತ ಇದೇ ವಾಸಿ ಎಂಬುದು ನನ್ನ ಹಟ. ಅಂಗಡಿಯ ಡಂಬೆಲ್ ಒಂದು ಕಿಲೋದಿಂದ ನೇರ ಎರಡಕ್ಕೆ ಜಿಗಿಯುತ್ತದೆ, ಬಾಟಲಿಗೆ ನೂರು ನೂರು ಮಿಲಿಲೀಟರಿನಂತೆ ನೀರು ಸೇರಿಸಬಹುದು. ನೂರು ಮಿಲಿಲೀಟರ್ ನೀರೆಂದರೆ ನೂರು ಗ್ರಾಂ, ಲೆಕ್ಕವೂ ಸುಲಭ. ಬಾಟಲಿಯನ್ನೇ ಮುಷ್ಟಿಯಲ್ಲಿ ಹಿಡಿಯಬೇಡಿ. ಅದು ದಪ್ಪ, ಹಿಡಿತಕ್ಕೇ ಶಕ್ತಿಯೆಲ್ಲ ಹೋಗಿ ನೋವು ಕೆರಳುತ್ತದೆ. ಚೀಲದೊಳಗಿಟ್ಟು, ಅದರ ಹಿಡಿಗೆ ಸಣ್ಣ ಬಟ್ಟೆ ಸುತ್ತಿ ಹಿಡಿಯಿರಿ.

ಮೇಜಿನ ಪಕ್ಕ ಕುಳಿತು ಮುಂಗೈ ಪೂರ್ತಿ ಮೇಜಿನ ಮೇಲಿರಲಿ, ಮಣಿಕಟ್ಟಿನಿಂದಾಚೆ ಮಾತ್ರ ಅಂಚಿನ ಹೊರಗೆ. ಅಂಗೈ ನೆಲಕ್ಕೆ ಮುಖ ಮಾಡಿರಬೇಕು. ಮೊದಲು ಖಾಲಿ ಇರುವ ಕೈಯಿಂದ ಚೀಲದ ತಳವನ್ನು ಎತ್ತಿ ಹಿಡಿಯಿರಿ, ಭಾರವಿಲ್ಲದ ನೋವಿನ ಕೈಯ ಮಣಿಕಟ್ಟನ್ನು ಮೇಲಕ್ಕೆತ್ತಿ. ಈಗ ಚೀಲದ ತಳ ಬಿಡಿ. ಮನಸ್ಸಿನಲ್ಲಿ ಒಂದರಿಂದ ಐದರವರೆಗೆ ಎಣಿಸುತ್ತ ಮಣಿಕಟ್ಟನ್ನು ಕೆಳಗಿಳಿಸಿ. ಕೈ ಪೂರ್ತಿ ಬಾಗಿದ ಮೇಲೆ ಮತ್ತೆ ಖಾಲಿ ಕೈಯಿಂದ ಚೀಲ ಎತ್ತಿ. ಇಷ್ಟಾದರೆ ಒಂದು ಸಲ. ಹೀಗೆ 15 ಸಲ, ಒಂದು ನಿಮಿಷ ಬಿಡುವು, ಮತ್ತೆರಡು ಸುತ್ತು. ದಿನಕ್ಕೊಮ್ಮೆ ಸಾಕು.

ತಪ್ಪಾದುದನ್ನು ಗುರುತಿಸುವುದು ಹೀಗೆ. ಖಾಲಿ ಕೈ ತೊಡೆಯ ಮೇಲೆ ಸುಮ್ಮನೆ ಕುಳಿತಿದ್ದರೆ ನೀವು ನೋವಿನ ಕೈಯಿಂದಲೇ ಎತ್ತುತ್ತಿದ್ದೀರಿ. ಆ ಕೈ ಎತ್ತಬಲ್ಲ ಭಾರಕ್ಕಿಂತ ಇಳಿಸಬಲ್ಲ ಭಾರ ಹೆಚ್ಚು. ಎತ್ತುವುದಕ್ಕೂ ಅದನ್ನೇ ಬಳಸಿದರೆ ಭಾರ ಎಂದೂ ಮೇಲೇರುವುದಿಲ್ಲ. ಐದು ಎಣಿಸುವ ಮೊದಲೇ ಕೈ ದಡಕ್ಕನೆ ಬಿದ್ದರೆ ನೀರು ಹೆಚ್ಚಾಗಿದೆ, ಚೆಲ್ಲಿ. ಮುಂಗೈ ಮೇಜಿನಿಂದ ಮೇಲೆದ್ದರೆ ಭುಜ ಕೆಲಸ ಕದಿಯುತ್ತಿದೆ. ಮೂರು ಸುತ್ತು ಐದು ನಿಮಿಷಕ್ಕೆ ಮೊದಲೇ ಮುಗಿದುಹೋದರೆ ಎಲ್ಲೋ ಎಣಿಕೆ ಹಾರಿದೆ.

ನೋವಾಗಬಹುದೇ? ಆಗಬಹುದು, ಸ್ವಲ್ಪ. ಹತ್ತಕ್ಕೆ ಮೂರ‍್ನಾಲ್ಕರಷ್ಟು ನೋವಿದ್ದರೂ, ಮರುದಿನ ಬೆಳಿಗ್ಗೆ ಎಂದಿನಂತಿದ್ದರೆ ಚಿಂತೆಯಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ನಿನ್ನೆಗಿಂತ ಹೆಚ್ಚು ನೋವೆನಿಸಿದರೆ ಇನ್ನೂರು ಮಿಲಿಲೀಟರ್ ಕಡಿಮೆ ಮಾಡಿ. ಮೂರು ಸುತ್ತೂ ಎರಡು ದಿನ ಸಲೀಸಾಗಿ ನಡೆದರೆ ನೂರು ಸೇರಿಸಿ. ಮೊದಲು ಮೊಣಕೈ ಮಡಿಸಿ ಮಾಡಿ, ಕೆಲವು ವಾರದ ನಂತರ ನೇರ ಮಾಡಿ. ಮೊಣಕೈ ನೇರವಾದಾಗ ಅದೇ ಭಾರ ಹೆಚ್ಚು ಬಿಗಿಯುತ್ತದೆ, ಆದ್ದರಿಂದ ಆ ದಿನ ನೀರನ್ನು ಸ್ವಲ್ಪ ತಗ್ಗಿಸಿ.

ಲೆಕ್ಕಪತ್ರದ ಕೆಲಸ ಮಾಡುವ, ಭಾನುವಾರ ಟೆನಿಸ್ ಆಡುವ 42ರ ಒಬ್ಬರು ಆರಂಭಿಸಿದ್ದು 300 ಮಿಲಿಲೀಟರಿನಿಂದ. ಇಷ್ಟೇನಾ ಎಂದು ಮುಖ ಸಿಂಡರಿಸಿದ್ದರು. ಮೂರನೆಯ ವಾರಕ್ಕೆ 500. ಐದನೆಯ ವಾರ ಹುಷಾರಾದೆನೆಂದು ಎರಡು ಗಂಟೆ ಆಡಿ ಬಂದರು. ಸೋಮವಾರ ಬಾಗಿಲ ಹಿಡಿ ತಿರುಗಿಸಲಾಗಲಿಲ್ಲ. ನಾಲ್ಕು ದಿನ ಮೂರನೆಯ ಹೆಜ್ಜೆಗೆ ಮರಳಿ, ಮತ್ತೆ 300ರಿಂದ ಹತ್ತಿದರು. ಎಂಟನೆಯ ವಾರಕ್ಕೆ 700, ಹನ್ನೆರಡಕ್ಕೆ ಪೂರ್ತಿ ಲೀಟರ್, ಅದೂ ಮೊಣಕೈ ನೇರ ಮಾಡಿ. ಮೊದಲ ಹೆಜ್ಜೆಯ ಪರೀಕ್ಷೆಯಲ್ಲಿ ಚುಚ್ಚುವುದು ಆಗ ನಿಂತಿತ್ತು. ಮೂರು ತಿಂಗಳು ಹಿಡಿಯುವುದು ಸಾಮಾನ್ಯ, ಕೆಲವರಿಗೆ ಇನ್ನೂ ಹೆಚ್ಚು.

ಹೆಜ್ಜೆ 5: ತಿರುಚುವ ದಂಡ

ದುಡ್ಡು ಖರ್ಚು ಮಾಡಲೇಬೇಕೆಂದರೆ ರಬ್ಬರಿನ ತಿರುಚುವ ದಂಡ ಕೊಳ್ಳಿ. 2010ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ ಇದರಿಂದ ಒಳ್ಳೆಯ ಗುಣ ಕಂಡಿತ್ತು. ನೋವಿನ ಕೈಯಲ್ಲಿ ದಂಡವನ್ನು ನೆಟ್ಟಗೆ ಹಿಡಿದು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ, ಇನ್ನೊಂದು ಕೈಯಿಂದ ಮೇಲ್ತುದಿ ಹಿಡಿದು ತಿರುಚಿ, ಎರಡೂ ತೋಳುಗಳನ್ನು ಮುಂದೆ ಚಾಚಿ, ನೋವಿನ ಕೈಯ ಮಣಿಕಟ್ಟನ್ನು ನಿಧಾನವಾಗಿ ಸಡಿಲಿಸಿ. ಟವೆಲ್ ಹಿಂಡಿದರೂ ಇದೇ ತಾನೇ ಎನ್ನುತ್ತಾರೆ. ಅಲ್ಲ. ಟವೆಲ್ ರಬ್ಬರಿನಂತೆ ಹಿಂದಕ್ಕೆ ಎಳೆಯುವುದಿಲ್ಲ.

ಸ್ಪ್ರಿಂಗಿನ ಕೈಹಿಡಿ ಮಾತ್ರ ದಯವಿಟ್ಟು ಬೇಡ. ಅದು ಗಟ್ಟಿಮಾಡುವುದು ಬೆರಳು ಮಡಿಸುವ ಸ್ನಾಯುಗಳನ್ನು, ಬಲ ಬೇಕಾಗಿರುವುದು ಅವುಗಳ ಎದುರಾಳಿಗೆ. ಮುಂಗೈಗೆ ಕಟ್ಟುವ ಪಟ್ಟಿ ಕೆಲವರಿಗೆ ಆಡುವಾಗ ನೆರವಾಗುತ್ತದೆ, ಆದರೆ ಮುಕ್ಕಾಲು ಮಂದಿ ಅದನ್ನು ನೋವಿರುವ ಎಲುಬಿನ ಮೇಲೇ ಬಿಗಿದಿರುತ್ತಾರೆ. ಎರಡು ಬೆರಳಗಲ ಕೆಳಗೆ, ಸ್ನಾಯು ಉಬ್ಬಿರುವಲ್ಲಿ ಕಟ್ಟಬೇಕು. ಸ್ಟಿರಾಯ್ಡ್ ಚುಚ್ಚುಮದ್ದು ಅಡ್ಡದಾರಿಗಳಲ್ಲೆಲ್ಲ ಆಕರ್ಷಕವಾದದ್ದು. ಕೆಲವು ವಾರ ನೋವು ಮಾಯ. ಆದರೆ 2006 ಮತ್ತು 2013ರ ಅಧ್ಯಯನಗಳಲ್ಲಿ, ಒಂದು ವರ್ಷದ ಹೊತ್ತಿಗೆ ಚುಚ್ಚಿಸಿಕೊಂಡವರ ಸ್ಥಿತಿ ಚುಚ್ಚಿಸಿಕೊಳ್ಳದವರಿಗಿಂತ ಹಿಂದಿತ್ತು.

ಹೆಜ್ಜೆ 6: ಮತ್ತೆ ಅಂಕಣಕ್ಕೆ

ಮೊದಲ ವಾರ ಅರ್ಧ ಗಂಟೆ, ಫೋರ್‌ಹ್ಯಾಂಡ್ ಮಾತ್ರ. ತಂತಿಯ ಬಿಗಿತ ಒಂದೆರಡು ಕಿಲೋ ತಗ್ಗಿಸಿ. ರ‍್ಯಾಕೆಟ್ ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಹಿಡಿಸುವಷ್ಟು ಜಾಗವಿರಬೇಕು. ಇಲ್ಲದಿದ್ದರೆ ಹಿಡಿ ತೆಳುವಾಯಿತು, ಮೇಲೊಂದು ಪಟ್ಟಿ ಸುತ್ತಿ. ಬ್ಯಾಕ್‌ಹ್ಯಾಂಡ್ ಹೊಡೆತವನ್ನು ಎರಡು ಕೈಯಿಂದ ಹೊಡೆಯಲು ಕಲಿತರೆ ಇನ್ನೂ ಒಳ್ಳೆಯದು. ಬಾಟಲಿ ಚೀಲವನ್ನು ವಾರಕ್ಕೆ ಎರಡು ದಿನ ಮುಂದುವರಿಸಿ.

ಬೆರಳು ಜೋಮು ಹಿಡಿಯುತ್ತಿದ್ದರೆ, ಕುತ್ತಿಗೆ ತಿರುಗಿಸಿದಾಗ ನೋವು ತೋಳಿಗಿಳಿದರೆ, ಬಿದ್ದ ಮೇಲೆ ಶುರುವಾಗಿದ್ದರೆ, ಕೀಲು ಊದಿ ಬಿಸಿಯಾಗಿದ್ದರೆ ಬಾಟಲಿ ಮುಟ್ಟದೆ ವೈದ್ಯರ ಬಳಿ ಹೋಗಿ. ಆರು ವಾರ ಎಣಿಕೆ ತಪ್ಪದೆ ಮಾಡಿಯೂ ನೂರು ಮಿಲಿಲೀಟರ್ ಕೂಡ ಮೇಲೇರದಿದ್ದರೂ ಹೋಗಿ. ಹೋಗುವಾಗ ಚೀಲವನ್ನು ಒಯ್ದು, ಮಾಡಿ ತೋರಿಸಿ.