ಹೆಸರು ಒಬ್ಬರದು, ಷರಾ ಇನ್ನೊಬ್ಬರದು: ಪ್ರಗತಿ ಪತ್ರ ತಿದ್ದುವ ನನ್ನ ಕ್ರಮ

ಪ್ರಗತಿ ಪತ್ರದ ಷರಾಗಳನ್ನು ಪ್ರಿಂಟ್‌ಗೆ ಹೋಗುವ ಮುಂಚೆ ನೋಡಿಕೊಡುವ ಕೆಲಸ ನನ್ನದು. ಶಿಕ್ಷಕರಿಂದ ಬರುವುದು ಒಂದು ಶೀಟ್. B ಕಾಲಂನಲ್ಲಿ ಹೆಸರು, C ಯಲ್ಲಿ ಹುಡುಗ ಅಥವಾ ಹುಡುಗಿ, D ಯಲ್ಲಿ ಷರಾ.

ಮೊದಲು ನೋಡುವುದು ಹೆಸರು. ಅದು ತಪ್ಪಿದ್ದರೆ ಉಳಿದದ್ದನ್ನು ತಿದ್ದಿ ಪ್ರಯೋಜನವಿಲ್ಲ. ಖಾಲಿ ಕಾಲಂನಲ್ಲಿ ಈ ಸೂತ್ರ ಹಾಕಿ ಕೆಳಗಿನವರೆಗೂ ಎಳೆಯುತ್ತೇನೆ:

```
=ISNUMBER(SEARCH(B2,D2))
```

FALSE ಬಂದ ಕಡೆ ಷರಾದಲ್ಲಿ ಆ ಹೆಸರಿಲ್ಲ ಎಂದರ್ಥ. ಆದರೆ ಕನ್ನಡದಲ್ಲಿ ಹೆಸರಿಗೆ ವಿಭಕ್ತಿ ಅಂಟುತ್ತದಲ್ವಾ? ಪಟ್ಟಿಯಲ್ಲಿ ‘ಕಿರಣ್’, ಷರಾದಲ್ಲಿ ‘ಕಿರಣನ ಬರವಣಿಗೆ’ ಎಂದಿದ್ದರೆ ಸುಮ್ನೆ FALSE ಬರುತ್ತದೆ. ಅದಕ್ಕೇ ಇನ್ನೊಂದು ಕಾಲಂನಲ್ಲಿ ಹೆಸರನ್ನು ‘ಕಿರಣ’ ಎಂದು ಬರೆದುಕೊಂಡು ಅದನ್ನೇ ಹುಡುಕಿಸುತ್ತೇನೆ. ಇದರ ಉಲ್ಟಾನೂ ಇದೆ. ‘ರವಿ’ಯ ಸಾಲಿನಲ್ಲಿ ‘ರವಿಕಿರಣ’ನ ಷರಾ ಕೂತಿದ್ದರೂ TRUE ಬರುತ್ತದೆ. ಇಂಥ ಜೋಡಿ ಹೆಸರುಗಳನ್ನು ಕಣ್ಣಿನಿಂದಲೇ ನೋಡಬೇಕು.

ಒಂದೆರಡು FALSE ಬಿಡಿಬಿಡಿಯಾಗಿದ್ದರೆ ಅದು ಬೇರೊಬ್ಬರ ಷರಾ ಕಾಪಿ ಮಾಡುವಾಗ ಬದಲಿಸದೆ ಉಳಿದ ಹೆಸರು. ಒಂದು ಸಾಲಿನಿಂದ ಶುರುವಾಗಿ ಕೆಳಗೆಲ್ಲಾ FALSE ಇದ್ದರೆ ಕೈ ಹಚ್ಚಬೇಡಿ. ಷರಾ ಕಾಲಂ ಒಂದು ಮನೆ ಜಾರಿದೆ, ಇಲ್ಲವೇ ಯಾರೋ ಹೆಸರನ್ನಷ್ಟೇ ಸಾರ್ಟ್ ಮಾಡಿದ್ದಾರೆ. ಒಂದೊಂದೇ ಹೆಸರು ಬದಲಿಸುತ್ತಾ ಹೋದರೆ ಒಬ್ಬರ ಷರಾ ಇನ್ನೊಬ್ಬರಿಗೆ ಖಾಯಂ ಆಗಿಬಿಡುತ್ತದೆ. ಶಿಕ್ಷಕರ ಮೂಲ ಫೈಲ್ ತರಿಸಿಕೊಳ್ಳುವುದೇ ದಾರಿ.

ಆಮೇಲೆ ಅವನು-ಅವಳು. ಇದರಲ್ಲಿ ಕಣ್ಣು ಜಾಸ್ತಿ ಮೋಸ ಹೋಗುತ್ತದೆ. ಈ ಷರಾ ನೋಡಿ:

“ಸ್ನೇಹಾ ತರಗತಿಯಲ್ಲಿ ಚುರುಕಾಗಿದ್ದಾಳೆ. ಗಣಿತದಲ್ಲಿ ಅವಳು ಇನ್ನೂ ಸ್ವಲ್ಪ ಅಭ್ಯಾಸ ಮಾಡಿದರೆ ಮುಂದೆ ಬರುತ್ತಾನೆ.”

ಹುಡುಗನ ಷರಾ ಕಾಪಿ ಮಾಡಿ ಹೆಸರು ಬದಲಾಯಿಸಿದ್ದಾರೆ, ‘ಅವನು’ ತಿದ್ದಿದ್ದಾರೆ, ಒಂದು ಕ್ರಿಯಾಪದವನ್ನೂ ತಿದ್ದಿದ್ದಾರೆ. ಕೊನೆಯದು ಉಳಿದಿದೆ. ‘ಅವಳು’ ಓದಿದ ಕಣ್ಣು ಉಳಿದದ್ದನ್ನು ತಾನೇ ಸರಿಮಾಡಿಕೊಂಡು ಮುಂದೆ ಹೋಗುತ್ತದೆ. ಹಾಗಾಗಿ ನಾನು ‘ಅವನು’ ಒಂದನ್ನೇ ಹುಡುಕುವುದಿಲ್ಲ. ಹುಡುಗಿಯರ ಸಾಲುಗಳನ್ನು ಫಿಲ್ಟರ್ ಮಾಡಿ, ‘ತ್ತಾನೆ’, ‘ದ್ದಾನೆ’, ‘ಅವನ’ ಹುಡುಕುತ್ತೇನೆ. ಹುಡುಗರ ಸಾಲಿನಲ್ಲಿ ‘ತ್ತಾಳೆ’, ‘ದ್ದಾಳೆ’, ‘ಅವಳ’. ಒಟ್ಟಿಗೇ ‘ರಿಪ್ಲೇಸ್ ಆಲ್’ ಮಾತ್ರ ಕೊಡುವುದಿಲ್ಲ. “ಅವನ ಅಕ್ಕ ಸಹಾಯ ಮಾಡುತ್ತಾಳೆ” ಎಂಬ ಸರಿಯಾದ ವಾಕ್ಯವೂ ಕೆಟ್ಟುಹೋಗುತ್ತದೆ.

ಮರುಕಳಿಸುವ ಮಾತು ಕೊನೆಗೆ. ಹೆಸರು ಬೇರೆ ಇರುವುದರಿಂದ ಒಂದೇ ಷರಾ ಬೇರೆಬೇರೆಯಾಗಿ ಕಾಣುತ್ತದೆ. ಹೆಸರು ತೆಗೆದು ನೋಡಬೇಕು. ವಿಭಕ್ತಿ ಅಂಟಿದ ಹೆಸರಿದ್ದ ಕಡೆ B2 ಬದಲು ‘ಕಿರಣ’ ಎಂದು ಬರೆದುಕೊಂಡ ಕಾಲಂ ಕೊಡಬೇಕು:

```
=SUBSTITUTE(D2,B2,"")
```

ಈ ಕಾಲಂ ಪ್ರಕಾರ ಇಡೀ ಶೀಟ್ ಸಾರ್ಟ್ ಮಾಡಿದರೆ ಒಂದೇ ಥರ ಶುರುವಾಗುವ ಷರಾಗಳು ಅಕ್ಕಪಕ್ಕ ಬರುತ್ತವೆ. ಮೂಲ ಕ್ರಮಕ್ಕೆ ಮರಳಲು ರೋಲ್ ನಂಬರ್ A ಯಲ್ಲಿರಲಿ. ಎಲ್ಲ ಪುನರಾವರ್ತನೆಯೂ ತಪ್ಪೇನಲ್ಲ. ಅವಳಿ ಮಕ್ಕಳಿಗೆ ಒಂದೇ ಷರಾ ಹೋದರೆ ಮಾತ್ರ ಮನೆಯಲ್ಲಿ ಗೊತ್ತಾಗದೆ ಇರುವುದಿಲ್ಲ. ಅಂಥದ್ದನ್ನು ನಾನು ತಿದ್ದುವುದಿಲ್ಲ, ಮಗುವನ್ನು ನೋಡಿದವರು ಶಿಕ್ಷಕರು. “ಈ ಮಗು ಈ ಸಲ ಮಾಡಿದ ಒಂದು ಕೆಲಸ ಸೇರಿಸಿ” ಎಂದು ಬರೆದು ವಾಪಸ್ ಕಳಿಸುತ್ತೇನೆ.

ತಿದ್ದಿ ಬಂದ ಮೇಲೆ ಹೆಸರಿನ ಸೂತ್ರವನ್ನು ಇನ್ನೊಮ್ಮೆ ಓಡಿಸುತ್ತೇನೆ. ಹೊಸ ಷರಾ ಅಂಟಿಸುವಾಗಲೂ ಸಾಲು ಜಾರುತ್ತದೆ.