ಬೀಡಿ ಬಿಡಲು ಔಷಧಿಯೂ ಬೇಕು, ಮಾತೂ ಬೇಕು: ಸಿಒಪಿಡಿ ಇರುವವರಿಗೆ ಎರಡನ್ನೂ ಜೋಡಿಸುವ ಬಗೆ

"ನಿಕೋಟಿನ್ ಗಮ್ ತಿಂದು ನೋಡಿದೆ ಸಾರ್. ಬಾಯೆಲ್ಲಾ ಉರೀತು, ಬಿಕ್ಕಳಿಕೆ ಬಂತು. ಮೂರೇ ದಿನಕ್ಕೆ ಬಿಟ್ಟೆ." ಎದೆರೋಗದ ಓಪಿಡಿಯಲ್ಲಿ ಕೂತವರಿಗೆ ಈ ಮಾತು ಹೊಸದಲ್ಲ. ಇವರು ಬಿಟ್ಟಿದ್ದು ಬೀಡಿಯನ್ನಲ್ಲ, ಗಮ್ಮನ್ನು. ಇನ್ನು ಕೆಲವರಿಗೆ ಅರ್ಧ ಗಂಟೆ ಬುದ್ಧಿಮಾತು ಹೇಳಿ ಕಳಿಸಿರುತ್ತಾರೆ, ಕೈಗೆ ಔಷಧಿ ಕೊಟ್ಟಿರುವುದಿಲ್ಲ. ಎರಡೂ ಅರ್ಧ ಕೆಲಸವೇ.

ಸಿಒಪಿಡಿ ಅಂದರೆ ಶ್ವಾಸನಾಳ ಕಿರಿದಾಗಿ ದಮ್ಮು ಕಟ್ಟುವ ದೀರ್ಘಕಾಲದ ಕಾಯಿಲೆ. ಅದು ಇರುವವರಲ್ಲಿ ನಿಕೋಟಿನ್ ಹಿಡಿತ ಬೇರೆಯವರಿಗಿಂತ ಸಾಮಾನ್ಯವಾಗಿ ಜಾಸ್ತಿ. ಹೊಗೆಯನ್ನು ಆಳಕ್ಕೆ ಎಳೆಯುತ್ತಾರೆ, ಮನಸ್ಸೂ ಕುಗ್ಗಿರುತ್ತದೆ. ಆದರೂ ಬಿಡಬಹುದು. ಅಮೆರಿಕ ಮತ್ತು ಕೆನಡಾದಲ್ಲಿ ನಡೆದ 'ಲಂಗ್ ಹೆಲ್ತ್ ಸ್ಟಡಿ'ಯಲ್ಲಿ ಶ್ವಾಸಕೋಶ ಆಗಲೇ ಸ್ವಲ್ಪ ಹಾಳಾಗಿದ್ದ 5,887 ಜನರಿದ್ದರು. ಕೆಲವರಿಗೆ ನಿಕೋಟಿನ್ ಗಮ್ ಜೊತೆಗೆ ಸತತ ಕೌನ್ಸೆಲಿಂಗ್ ಕೊಟ್ಟರು, ಉಳಿದವರನ್ನು ಮಾಮೂಲಿ ಚಿಕಿತ್ಸೆಗೆ ಬಿಟ್ಟರು. ಐದು ವರ್ಷದ ನಂತರ ಮೊದಲ ಗುಂಪಿನಲ್ಲಿ ಶೇ 22ರಷ್ಟು ಜನ ಹೊಗೆಯಿಂದ ದೂರವೇ ಉಳಿದಿದ್ದರು. ಮಾಮೂಲಿ ಗುಂಪಿನಲ್ಲಿ ಉಳಿದದ್ದು ಶೇ 5ರಷ್ಟು.

ಒಬ್ಬ ರೋಗಿಯನ್ನು ಉದಾಹರಣೆಗೆ ಇಟ್ಟುಕೊಂಡು ಹೋಗೋಣ. ಗಂಗಾವತಿ ಕಡೆಯ ಅಕ್ಕಿ ಗಿರಣಿಯಲ್ಲಿ ಕೆಲಸ, ವಯಸ್ಸು 56. ದಿನಕ್ಕೆ ಒಂದು ಕಟ್ಟು ಬೀಡಿ. ಎದ್ದ ಹತ್ತು ನಿಮಿಷದಲ್ಲೇ ಮೊದಲನೆಯದು ಹೊತ್ತಿಕೊಳ್ಳುತ್ತದೆ. ಇನ್‌ಹೇಲರ್ ಜೊತೆಗೆ, ಶ್ವಾಸನಾಳ ಸಡಿಲಿಸುವ ಥಿಯೋಫಿಲಿನ್ ಇರುವ ಮಾತ್ರೆಯನ್ನೂ ತಗೊಳ್ಳುತ್ತಾರೆ.

ಮೊದಲು ದಿನಾಂಕ, ಆಮೇಲೆ ಪಟ್ಟಿ

ಎರಡು ವಾರದೊಳಗಿನ ಒಂದು ದಿನ ಗೊತ್ತು ಮಾಡಿ. ಹಬ್ಬ, ಮದುವೆ, ಜಾತ್ರೆ ಇರುವ ವಾರ ಬೇಡ.

ಕೌನ್ಸೆಲರ್ ಮೊದಲ ಸಲ ಕೂತಾಗ ಮಾಡಬೇಕಾದ ಕೆಲಸ ಒಂದೇ. ರೋಗಿ ನಿನ್ನೆ ಸೇದಿದ ಬೀಡಿಗಳನ್ನೆಲ್ಲಾ ಹೊತ್ತು, ಜಾಗ ಸಮೇತ ಬರೆಸುವುದು. ನಮ್ಮ ಗಿರಣಿಯವರ ಪಟ್ಟಿಯಲ್ಲಿ ಐದು ಬೀಡಿಗಳು ಎದ್ದು ಕಾಣುತ್ತವೆ: ಕಕ್ಕಸಿಗೆ ಹೋಗುವ ಮುಂಚಿನದು, ಕಾಫಿ ಆದಮೇಲಿನದು, ಗಿರಣಿ ಗೇಟಿನ ಚಹಾ ಅಂಗಡಿಯದು, ಊಟದ ನಂತರದ್ದು, ಮಲಗುವ ಮುಂಚಿನದು. ಮಿಕ್ಕವು ಇವುಗಳ ನಡುವೆ ತಾವಾಗೇ ಸೇರಿಕೊಂಡವು. ಈ ಐದು ಹೊತ್ತಿಗೆ ಏನು ಮಾಡಬೇಕು ಅಂತ ಈಗಲೇ ತೀರ್ಮಾನಿಸಿ. ಗಮ್ ಯಾವಾಗ ಹಾಕಿಕೊಳ್ಳಬೇಕು ಅನ್ನುವುದನ್ನು ಈ ಪಟ್ಟಿಯೇ ಹೇಳುತ್ತದೆ. ಔಷಧಿ ಮತ್ತು ಮಾತು ಜೋಡಿಯಾಗುವುದು ಇಲ್ಲೇ.

ಕ್ಯಾನ್ಸರಿನ ಚಿತ್ರ ತೋರಿಸಿ ಹೆದರಿಸಬೇಡಿ. ಮೆಟ್ಟಿಲು ಹತ್ತಲು ಆಗದವರಿಗೆ ಹೊಗೆ ಕೆಟ್ಟದ್ದು ಅಂತ ಹೊಸದಾಗಿ ಹೇಳಬೇಕಾಗಿಲ್ಲ. ಹೆದರಿಸಿದರೆ ಮುಂದಿನ ಸಲ "ಬಿಟ್ಟಿದ್ದೀನಿ ಡಾಕ್ಟ್ರೇ" ಅಂತ ಸುಳ್ಳು ಹೇಳುತ್ತಾರೆ, ಅಷ್ಟೇ.

ಯಾವ ಔಷಧಿ?

ಮೂರು ಬಗೆ ಇವೆ: ನಿಕೋಟಿನ್ ಪ್ಯಾಚ್ ಮತ್ತು ಗಮ್, ವಾರೆನಿಕ್ಲಿನ್ ಮಾತ್ರೆ, ಬುಪ್ರೊಪಿಯಾನ್ ಮಾತ್ರೆ.

ವಾರೆನಿಕ್ಲಿನ್ ಒಳ್ಳೆಯ ಔಷಧಿ. ಬಿಡುವ ದಿನಕ್ಕೆ ಒಂದು ವಾರ ಮೊದಲೇ 0.5 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನಕ್ಕೆ ಏರಿಸಿ, 12 ವಾರ ನುಂಗಬೇಕು. ಊಟದ ನಂತರ ಒಂದು ಲೋಟ ತುಂಬ ನೀರಿನ ಜೊತೆ ತಗೊಂಡರೆ ವಾಕರಿಕೆ ಕಡಿಮೆ. ಕಿಡ್ನಿ ತೀರಾ ದುರ್ಬಲವಾಗಿದ್ದರೆ ಡಾಕ್ಟರು ಡೋಸ್ ಇಳಿಸುತ್ತಾರೆ. ಆದರೆ ಊರಿನ ಮೆಡಿಕಲ್ ಶಾಪಿನಲ್ಲಿ 12 ವಾರವೂ ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ನಡುವೆ ನಿಂತರೆ ಪಟ್ಟ ಶ್ರಮ ವ್ಯರ್ಥ.

ಬುಪ್ರೊಪಿಯಾನ್ ಫಿಟ್ಸ್ ಬರುವ ಸಾಧ್ಯತೆಯನ್ನು ಹೆಚ್ಚಿಸಬಲ್ಲದು. ಥಿಯೋಫಿಲಿನ್ ಮತ್ತು ಸ್ಟಿರಾಯ್ಡ್ ಮಾತ್ರೆಗಳು ಆ ಭಯವನ್ನು ಇನ್ನಷ್ಟು ಏರಿಸುತ್ತವೆ. ಇವನ್ನು ನುಂಗುವ ಸಿಒಪಿಡಿ ರೋಗಿಗೆ ಬುಪ್ರೊಪಿಯಾನನ್ನು ಮೊದಲ ಆಯ್ಕೆಯಾಗಿ ನಾನು ಒಪ್ಪುವುದಿಲ್ಲ.

ನಮ್ಮ ಗಿರಣಿಯವರಿಗೆ ಪ್ಯಾಚ್ ಮತ್ತು ಗಮ್ ಎರಡನ್ನೂ ಒಟ್ಟಿಗೆ ಕೊಡೋಣ. ಪ್ಯಾಚ್ ದಿನವಿಡೀ ಸಣ್ಣಗೆ ನಿಕೋಟಿನ್ ಬಿಡುತ್ತದೆ. ಪಟ್ಟಿಯ ಆ ಐದು ಹೊತ್ತನ್ನು ಗಮ್ ನೋಡಿಕೊಳ್ಳುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ ಬರೀ ಗಮ್ ಸಾಲುವುದು ಕಷ್ಟ.

ಇ-ಸಿಗರೇಟಿನ ಮಾತೇ ಬೇಡ. ಅದರ ಮಾರಾಟ ನಮ್ಮ ದೇಶದಲ್ಲಿ 2019ರಿಂದ ನಿಷೇಧ. ತಂಬಾಕಿಲ್ಲದ 'ಗಿಡಮೂಲಿಕೆ' ಸಿಗರೇಟು ತಂದುಕೊಡುವ ಮಕ್ಕಳೂ ಇದ್ದಾರೆ. ಯಾವ ಎಲೆ ಸುಟ್ಟರೂ ಹೊಗೆ ಹೊಗೆಯೇ, ಅದರಲ್ಲೂ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ.

ಪ್ಯಾಚ್

ಬಿಡುವ ದಿನ ಬೆಳಿಗ್ಗೆ 21 ಮಿಲಿಗ್ರಾಂನದನ್ನು ಕೂದಲಿಲ್ಲದ ಒಣ ಚರ್ಮಕ್ಕೆ, ತೋಳಿನ ಮೇಲ್ಭಾಗದಲ್ಲಿ ಒತ್ತಿ ಹಚ್ಚಿ. ದಿನಾ ಜಾಗ ಬದಲಿಸಿ. ರಾತ್ರಿ ಕೆಟ್ಟ ಕನಸು ಬಿದ್ದರೆ ಮಲಗುವಾಗ ತೆಗೆಯಿರಿ.

ಗಮ್: ಎಲ್ಲರೂ ಎಡವುವ ಜಾಗ

ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವುದು 2 ಮಿಲಿಗ್ರಾಂ ಗಮ್. ಪ್ಯಾಚ್ ಜೊತೆಗಿದ್ದರೆ ಸಾಮಾನ್ಯವಾಗಿ ಅದೇ ಸಾಕು. ಇದು ಹೆಸರಿಗೆ ಮಾತ್ರ ಚೂಯಿಂಗ್ ಗಮ್. ಇದರ ನಿಕೋಟಿನ್ ರಕ್ತಕ್ಕೆ ಸೇರಬೇಕಾದದ್ದು ಹೊಟ್ಟೆಯಿಂದಲ್ಲ, ಕೆನ್ನೆಯ ಒಳಚರ್ಮದಿಂದ. ಹೊಟ್ಟೆಗೆ ಇಳಿದದ್ದು ಹೆಚ್ಚಿನ ಪಾಲು ವ್ಯರ್ಥ. ಮೇಲಿಂದ ಎದೆಯುರಿ, ಬಿಕ್ಕಳಿಕೆ, ವಾಕರಿಕೆ.

ಹಾಗಾಗಿ ನಿಧಾನಕ್ಕೆ ಅಗಿಯಿರಿ. ಹತ್ತು ಹದಿನೈದು ಸಲ ಅಗಿಯುವಷ್ಟರಲ್ಲಿ ನಾಲಿಗೆಗೆ ಮೆಣಸಿನಂಥ ಖಾರ, ಒಂದು ಥರ ಚುರುಚುರು ಬರುತ್ತದೆ. ಅಲ್ಲಿಗೆ ಅಗಿಯುವುದು ನಿಲ್ಲಿಸಿ. ಕಡ್ಡಿಪುಡಿಯನ್ನು ದವಡೆಯಲ್ಲಿ ಒತ್ತಿಟ್ಟುಕೊಳ್ಳುತ್ತಾರಲ್ವಾ, ಹಾಗೆ ಗಮ್ಮನ್ನು ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಬಿಡಿ. ಒಂದು ನಿಮಿಷದಲ್ಲಿ ಚುರುಚುರು ಇಳಿಯುತ್ತದೆ. ಆಗ ಮತ್ತೆ ಎರಡು ಮೂರು ಸಲ ಅಗಿದು, ಆ ಕಡೆಯ ಕೆನ್ನೆಗೆ ಸರಿಸಿ. ಹೀಗೆ ಅರ್ಧ ಗಂಟೆ. ಅಗಿದರೂ ಚುರುಚುರು ಬರದಿದ್ದರೆ ಅದರ ಕೆಲಸ ಮುಗಿಯಿತು, ಉಗುಳಿ. ಬಿಕ್ಕಳಿಕೆ ಬಂದರೆ ತುಂಬಾ ಬೇಗ ಅಗಿಯುತ್ತಿದ್ದೀರಿ ಅಂತ ತಿಳಿಯಿರಿ. ಗಮ್ ಬಿಡಬೇಡಿ, ವೇಗ ಇಳಿಸಿ.

ಇನ್ನೊಂದು ತಪ್ಪು ಕಾಫಿಯದು. ಕಾಫಿ, ನಿಂಬೆ ಶರಬತ್ತು, ಸೋಡಾ, ಕೋಲಾ ಇವುಗಳಿಂದ ಬಾಯಿ ಹುಳಿಯಾಗುತ್ತದೆ. ಹುಳಿ ಬಾಯಲ್ಲಿ ಕೆನ್ನೆ ನಿಕೋಟಿನ್ನನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಗಮ್ ಹಾಕುವ 15 ನಿಮಿಷ ಮುಂಚೆ ಮತ್ತು ಗಮ್ ಬಾಯಲ್ಲಿರುವಾಗ ನೀರು ಬಿಟ್ಟು ಬೇರೇನೂ ಬೇಡ. ಹಾಗಾದರೆ ಬೆಳಗಿನ ಕಾಫಿ? ಎದ್ದ ಕೂಡಲೇ ಬಾಯಿ ಮುಕ್ಕಳಿಸಿ ಗಮ್ ಹಾಕಿಕೊಳ್ಳಿ, ಕಕ್ಕಸಿಗೆ ಹೋಗಿ ಬನ್ನಿ, ಕಾಫಿ ಆಮೇಲೆ. ಕಕ್ಕಸಿನ ಬೀಡಿಗೂ ಕಾಫಿ ಬೀಡಿಗೂ ಒಂದೇ ಗಮ್ ಆಯಿತು.

ಮೂರನೆಯದು, ಆಸೆ ತಡೆಯಲಾರದಷ್ಟು ಏರಿದ ಮೇಲೆ ಗಮ್ ಹುಡುಕುವುದು. ಬೀಡಿ ಎಳೆದಷ್ಟು ಬೇಗ ಗಮ್ ಮೆದುಳಿಗೆ ಮುಟ್ಟುವುದಿಲ್ಲ, ಕೆಲವು ನಿಮಿಷ ಬೇಕು. ಗಿರಣಿ ಗೇಟು ತಲುಪುವ ಮುಂಚೆಯೇ ಬಾಯಲ್ಲಿರಲಿ. ಮೊದಲ ವಾರ ಪಟ್ಟಿಯ ಹೊತ್ತಿಗೆಲ್ಲಾ ಒಂದೊಂದು, ಜೊತೆಗೆ ಆಸೆ ಬಂದಾಗ ಒಂದು. ದಿನಕ್ಕೆ ಎಂಟು ಹತ್ತು ಆದರೂ ಗಾಬರಿ ಬೇಡ. ದಿನಕ್ಕೆ ಎರಡೇ ತಿಂದು "ಕೆಲಸ ಮಾಡಲಿಲ್ಲ" ಅನ್ನುವವರೇ ಜಾಸ್ತಿ. ಕಟ್ಟುಹಲ್ಲು ಇದ್ದರೆ ಗಮ್ ಅಂಟಿಕೊಳ್ಳುತ್ತದೆ, ಅಂಥವರು ಚೀಪುವ ನಿಕೋಟಿನ್ ಲಾಜೆಂಜ್ ಕೇಳಿ.

ಥಿಯೋಫಿಲಿನ್ ಬಗ್ಗೆ ಡಾಕ್ಟರಿಗೆ ಮೊದಲೇ ಹೇಳಿ

ಇದನ್ನು ಮರೆಯುವ ಡಾಕ್ಟರುಗಳೂ ಇದ್ದಾರೆ. ಬೀಡಿ ಹೊಗೆಯಲ್ಲಿರುವ ಟಾರಿನ ಅಂಶಗಳು ಲಿವರನ್ನು ಚುರುಕು ಮಾಡಿ ಥಿಯೋಫಿಲಿನ್ನನ್ನು ಬೇಗ ಕರಗಿಸುತ್ತಿರುತ್ತವೆ. ಹೊಗೆ ನಿಂತರೆ ಆ ಚುರುಕು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಮಾತ್ರೆ ಅಷ್ಟೇ, ಆದರೆ ರಕ್ತದಲ್ಲಿ ಔಷಧಿ ಏರುತ್ತದೆ. ಈ ಕೆಲಸ ನಿಕೋಟಿನ್ನಿನದಲ್ಲ, ಹೊಗೆಯದು. ಹಾಗಾಗಿ ಪ್ಯಾಚ್ ಹಚ್ಚಿದ್ದರೂ ಇದು ತಪ್ಪುವುದಿಲ್ಲ. ಬಿಟ್ಟ ವಾರದೊಳಗೆ ಡೋಸನ್ನು ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಇಳಿಸಬೇಕಾಗಬಹುದು. ಅದನ್ನು ಡಾಕ್ಟರೇ ಮಾಡಬೇಕು, ನೀವಲ್ಲ.

ತೊಡಕು ಏನೆಂದರೆ, ಔಷಧಿ ಏರಿದ ಲಕ್ಷಣವೂ ಚಟ ಬಿಟ್ಟ ಸಂಕಟವೂ ಒಂದೇ ಥರ ಕಾಣುತ್ತವೆ. ಸಿಟ್ಟು, ಹಸಿವು, ಚಡಪಡಿಕೆ ಇದ್ದರೆ ಚಟದ್ದು. ಅದು ಮೊದಲ ವಾರ ಜೋರಾಗಿದ್ದು ಆಮೇಲೆ ಇಳಿಯುತ್ತದೆ. ಗಮ್ ಹಾಕಿದ ಸ್ವಲ್ಪ ಹೊತ್ತಿಗೆ ವಾಕರಿಕೆ ಬಂದು ಉಗುಳಿದ ಮೇಲೆ ಹೋದರೆ ಅದು ಗಮ್ಮಿನದು. ದಿನ ಕಳೆದಂತೆ ಏರುವ ವಾಂತಿ, ಕೈ ನಡುಕ, ಎದೆ ಢವಢವ ಇದ್ದರೆ ಥಿಯೋಫಿಲಿನ್ ಮೇಲೆ ಅನುಮಾನ ಪಡಿ, ಅವತ್ತೇ ಆಸ್ಪತ್ರೆಗೆ ಹೋಗಿ. "ಬೀಡಿ ಬಿಟ್ಟಿದ್ದಕ್ಕೇ ಹೀಗಾಯ್ತು" ಅಂತ ಮನೆಯವರು ಮತ್ತೆ ಬೀಡಿ ಕೊಡುವುದು ಇಂಥ ಹೊತ್ತಲ್ಲೇ.

ಬಿಟ್ಟ ಮೇಲಿನ ಮಾತು

ಕೌನ್ಸೆಲರ್ ಎರಡನೇ ಅಥವಾ ಮೂರನೇ ದಿನ ಫೋನ್ ಮಾಡಬೇಕು. ಆಮೇಲೆ ವಾರಕ್ಕೆ, ಎರಡು ವಾರಕ್ಕೆ, ತಿಂಗಳಿಗೆ, ಮೂರು ತಿಂಗಳಿಗೆ. "ಹೇಗಿದ್ದೀರಿ?" ಅಂತ ಕೇಳಿದರೆ "ಚೆನ್ನಾಗಿದ್ದೀನಿ" ಅಂತಾರೆ. "ನಿನ್ನೆ ಎಷ್ಟು ಗಮ್ ಹಾಕಿದ್ರಿ? ಊಟ ಆದಮೇಲೆ ಏನು ಮಾಡಿದ್ರಿ?" ಅಂತ ಕೇಳಬೇಕು. ಹತ್ತಿರದಲ್ಲಿ ಕೌನ್ಸೆಲರ್ ಇಲ್ಲದಿದ್ದರೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356 ಇದೆ, ಕರೆಗೆ ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ.

ಸಿಒಪಿಡಿಯವರಿಗೆ ಎರಡು ವಿಷಯ ಮುಂಚೆಯೇ ಹೇಳಿಡಬೇಕು. ಬಿಟ್ಟ ಮೊದಲ ವಾರಗಳಲ್ಲಿ ಕೆಮ್ಮು, ಕಫ ಜಾಸ್ತಿಯಾಗಬಹುದು. ಅಷ್ಟಕ್ಕೇ ಹೆದರಿ ಮತ್ತೆ ಹಚ್ಚಬಾರದು. ಕಫ ಹಳದಿ ಹಸಿರಾದರೆ, ಜ್ವರ ಬಂದರೆ, ದಮ್ಮು ಏರಿದರೆ ಮಾತ್ರ ಡಾಕ್ಟರನ್ನು ನೋಡಿ. ಇನ್ನೊಂದು, ದಮ್ಮು ಕಟ್ಟಿದ ಗಾಬರಿಯೂ ಬೀಡಿಯ ಆಸೆಯೂ ಒಂದೇ ಅನ್ನಿಸುತ್ತವೆ. ಎದೆ ಬಿಗಿಯಾದರೆ ಮೊದಲು ಕೂತು, ಮುಂದಕ್ಕೆ ಬಾಗಿ, ತುಟಿ ಮಡಚಿ ದೀಪ ಆರಿಸುವಂತೆ ನಿಧಾನ ಉಸಿರು ಬಿಡಿ. ಡಾಕ್ಟರು ತುರ್ತಿಗೆ ಕೊಟ್ಟ ಇನ್‌ಹೇಲರ್ ಸ್ಪೇಸರಿನಲ್ಲಿ ಎಳೆಯಿರಿ. ಐದು ನಿಮಿಷದ ನಂತರವೂ ಬಾಯಿ ಬೀಡಿಯನ್ನೇ ಕೇಳುತ್ತಿದ್ದರೆ ಗಮ್.

ಒಂದು ಬೀಡಿ ಸೇದಿಬಿಟ್ಟರೆ? ಪ್ಯಾಚ್ ಕೀಳಬೇಡಿ. ಅವತ್ತೇ ಕೌನ್ಸೆಲರಿಗೆ ಹೇಳಿ. ಯಾವ ಹೊತ್ತು, ಯಾವ ಜಾಗ ಅಂತ ನೋಡಿ ಆ ಹೊತ್ತಿಗೆ ಪಟ್ಟಿಯಲ್ಲಿ ಇನ್ನೊಂದು ಗಮ್ ಸೇರಿಸಿ. ನಮ್ಮ ಗಿರಣಿಯವರು ಜಾರುವುದಾದರೆ ಬಹುಶಃ ಚಹಾ ಅಂಗಡಿಯಲ್ಲೇ. ಹಾಗಾಗಿ ಎರಡು ವಾರ ಮನೆಯಿಂದ ಫ್ಲಾಸ್ಕಿನಲ್ಲಿ ಚಹಾ ಒಯ್ಯಲಿ.

21 ಮಿಲಿಗ್ರಾಂ ಪ್ಯಾಚ್ ಆರು ವಾರ, ಆಮೇಲೆ 14ರದ್ದು ಎರಡು ವಾರ, 7ರದ್ದು ಎರಡು ವಾರ. ಪ್ಯಾಚ್ ಇಳಿಸಿದ ವಾರ ಗಮ್ ಇಳಿಸಬೇಡಿ, ಒಂದಾದಮೇಲೆ ಒಂದು. ಪ್ಯಾಚ್ ಮುಗಿದ ಮೇಲೂ ಜೇಬಿನಲ್ಲಿ ನಾಲ್ಕು ಗಮ್ ಇರಲಿ, ಮುಖ್ಯವಾಗಿ ಮದುವೆಮನೆಗೆ ಹೋಗುವಾಗ.