ಪೋರ್ಟ್‌ಫೋಲಿಯೋ ರಿಸ್ಕ್ ಲೆಕ್ಕದ ಬಗ್ಗೆ ತಮ್ಮನಿಗೊಂದು ಪತ್ರ

ಪ್ರೀತಿಯ ತಮ್ಮ,

ಥಿಯರಿ ಪ್ರಶ್ನೆಗಳು ಹೇಗೋ ಆಗುತ್ತವೆ, ರಿಸ್ಕ್ ಲೆಕ್ಕಗಳೇ ಕೈಕೊಡುತ್ತವೆ ಎಂದು ನೀನು ಬರೆದಿದ್ದೆ. ಎಂ.ಕಾಂ. ಓದುವಾಗ ನನಗೂ ಹಾಗೆಯೇ ಆಗಿತ್ತು. ಎರಡು ಷೇರುಗಳ ಪೋರ್ಟ್‌ಫೋಲಿಯೋ ರಿಸ್ಕ್ ಲೆಕ್ಕದಲ್ಲಿ ನಾನು ಎಡವಿದ್ದು ಎಲ್ಲಿ, ಆಮೇಲೆ ಅದನ್ನು ಸರಿಪಡಿಸಿಕೊಂಡದ್ದು ಹೇಗೆ ಎಂಬುದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಕಿರುಪರೀಕ್ಷೆಯಲ್ಲಿ ಬಂದ ಲೆಕ್ಕ ಹೀಗಿತ್ತು. ಆರ್ಥಿಕತೆ ಏರುಗತಿಯಲ್ಲಿರುವ ಸಂಭವನೀಯತೆ 0.3, ಸಾಮಾನ್ಯ ಸ್ಥಿತಿಯದು 0.4, ಹಿಂಜರಿತದ್ದು 0.3. ಈ ಮೂರು ಸ್ಥಿತಿಗಳಲ್ಲಿ A ಷೇರಿನ ಪ್ರತಿಫಲ ಕ್ರಮವಾಗಿ 25, 15, 5 ಶೇಕಡಾ. B ಷೇರಿನದು 4, 12, 10 ಶೇಕಡಾ. ಹಣದ 40 ಶೇಕಡಾ Aಯಲ್ಲಿ, 60 ಶೇಕಡಾ Bಯಲ್ಲಿ ಹಾಕಿದರೆ ರಿಸ್ಕ್ ಎಷ್ಟು?

ಮೊದಲು ಸರಾಸರಿ: Aಗೆ 15, Bಗೆ 9. ಆ ಸರಾಸರಿಯಿಂದ Aಯ ವ್ಯತ್ಯಾಸಗಳು 10, 0, −10. Bಯವು −5, 3, 1. ವ್ಯತ್ಯಾಸದ ವರ್ಗವನ್ನು ಸಂಭವನೀಯತೆಯಿಂದ ಗುಣಿಸಿ ಕೂಡಿದರೆ Aಯ ವೇರಿಯನ್ಸ್ 60, Bಯದು 11.4. ಇಲ್ಲಿ ಕೆಲವರು ಅಭ್ಯಾಸಬಲದಿಂದ ಮೊತ್ತವನ್ನು ಮತ್ತೆ 3ರಿಂದ ಭಾಗಿಸಿಬಿಡುತ್ತಾರೆ. ಭಾಗಿಸುವುದು ಹಿಂದಿನ ವರ್ಷಗಳ ಪ್ರತಿಫಲ ಕೊಟ್ಟಾಗ. ಸಂಭವನೀಯತೆ ಕೊಟ್ಟಿದ್ದರೆ ಆ ಕೆಲಸವನ್ನು ಅದೇ ಮಾಡಿರುತ್ತದೆ. ಇನ್ನು ಕೋವೇರಿಯನ್ಸ್‌ಗೆ ಎರಡೂ ಷೇರುಗಳ ವ್ಯತ್ಯಾಸಗಳನ್ನು ಸ್ಥಿತಿಗೊಂದರಂತೆ ಗುಣಿಸಬೇಕು: 0.3 × 10 × (−5) = −15, ನಡುವಿನದು ಸೊನ್ನೆ, ಕೊನೆಯದು −3; ಒಟ್ಟು −18. ಇದಿಷ್ಟನ್ನು ಸೂತ್ರಕ್ಕೆ ಹಾಕಬೇಕು.

```
σp² = wA²σA² + wB²σB² + 2·wA·wB·Cov(A,B)
    = 9.6 + 4.104 − 8.64 = 5.064
σp  = 2.25
```

ನಾನು ಅಂದು ಬರೆದಿದ್ದ ಉತ್ತರ 3.06. ಮೂರನೆಯ ಪದದ 2 ಬಿಟ್ಟುಹೋಗಿತ್ತು. ಉತ್ತರ ಒಂದೋ ಎರಡೋ ನೂರು ಬಂದಿದ್ದರೆ ಅಲ್ಲೇ ಅನುಮಾನ ಬರುತ್ತಿತ್ತು, 3.06 ನೋಡಲು ಎಷ್ಟು ಸಭ್ಯವಾಗಿತ್ತೆಂದರೆ, ಅಡಿಗೆರೆ ಹಾಕಿ ನಿಶ್ಚಿಂತೆಯಿಂದ ಮುಂದಿನ ಪ್ರಶ್ನೆಗೆ ಹೋದೆ.

ಆ ದಿನದಿಂದ ಸೂತ್ರವನ್ನು ಇನ್ನೊಮ್ಮೆ ಓದಿ ತಾಳೆ ನೋಡುವುದನ್ನು ಬಿಟ್ಟೆ, ಏಕೆಂದರೆ ಒಮ್ಮೆ ಕಣ್ಣು ತಪ್ಪಿಸಿಕೊಂಡದ್ದನ್ನು ಅದೇ ಕಣ್ಣು ಎರಡನೆಯ ಸಲವೂ ದಾಟಿಸಿಬಿಡುತ್ತದೆ. ಅದರ ಬದಲು ಕೋವೇರಿಯನ್ಸ್ ಬೇಕಿಲ್ಲದ ದಾರಿಯೊಂದನ್ನು ಹಿಡಿದೆ. ಇಡೀ ಪೋರ್ಟ್‌ಫೋಲಿಯೋವನ್ನೇ ಒಂದು ಷೇರು ಎಂದುಕೊಂಡು ಪ್ರತಿ ಸ್ಥಿತಿಯಲ್ಲಿ ಅದರ ಪ್ರತಿಫಲ ಎಷ್ಟೆಂದು ಬರೆದುಕೊಳ್ಳುವುದು. ಏರುಗತಿಯಲ್ಲಿ 0.4 × 25 + 0.6 × 4 = 12.4, ಸಾಮಾನ್ಯ ಸ್ಥಿತಿಯಲ್ಲಿ 13.2, ಹಿಂಜರಿತದಲ್ಲಿ 8. ಸರಾಸರಿ 11.4, ವ್ಯತ್ಯಾಸಗಳು 1, 1.8, −3.4. ಅವುಗಳ ವರ್ಗಗಳನ್ನು ಸಂಭವನೀಯತೆಯಿಂದ ಗುಣಿಸಿದರೆ 0.3, 1.296, 3.468, ಕೂಡಿದರೆ ಅದೇ 5.064. ಸಾದಾ ಕ್ಯಾಲ್ಕುಲೇಟರಿನಲ್ಲಿ ಪ್ರತಿ ಗುಣಲಬ್ಧ ಬಂದ ಕೂಡಲೇ M+ ಒತ್ತುತ್ತಾ ಹೋಗಿ, ಕೊನೆಗೆ MR ಒತ್ತಿ ವರ್ಗಮೂಲ ತೆಗೆದರೆ ಮುಗಿಯಿತು. ಈ ದಾರಿಯಲ್ಲಿ 2 ಬಿಟ್ಟುಹೋಗುವ ಪ್ರಶ್ನೆಯೇ ಇಲ್ಲ, ಋಣ ಚಿಹ್ನೆಯೂ ವರ್ಗವಾದಾಗ ತಾನೇ ಕರಗುತ್ತದೆ.

ಆದರೆ ಪ್ರಶ್ನೆಪತ್ರಿಕೆಯಲ್ಲಿ ಸ್ಥಿತಿವಾರು ಪ್ರತಿಫಲ ಕೊಡದೆ ಸ್ಟ್ಯಾಂಡರ್ಡ್ ಡೀವಿಯೇಶನ್‌ಗಳನ್ನೂ ಕೋರಿಲೇಶನ್ ಅನ್ನೂ ಮಾತ್ರ ಕೊಟ್ಟರೆ ಈ ಉಪಾಯ ನಡೆಯುವುದಿಲ್ಲ. ಆಗ ಮೊದಲು ಕೋರಿಲೇಶನ್ ಅನ್ನು ಎರಡೂ ಸ್ಟ್ಯಾಂಡರ್ಡ್ ಡೀವಿಯೇಶನ್‌ಗಳಿಂದ ಗುಣಿಸಿ ಕೋವೇರಿಯನ್ಸ್ ಮಾಡಿಕೊಳ್ಳಬೇಕು. ನಮ್ಮ ಲೆಕ್ಕದಲ್ಲಿ ಕೋರಿಲೇಶನ್ ಸುಮಾರು −0.69, ಕೋವೇರಿಯನ್ಸ್ ಇರಬೇಕಾದ ಜಾಗದಲ್ಲಿ ಇದನ್ನೇ ಹಾಕಿದರೆ ಉತ್ತರ 3.66 ಬರುತ್ತದೆ, ಅದೂ ಸಭ್ಯವಾಗಿಯೇ ಕಾಣುತ್ತದೆ. ಇಂಥ ಪ್ರಶ್ನೆಗೆ ನಾನು ಇಟ್ಟುಕೊಂಡಿದ್ದ ಗಡಿ ಒಂದೇ: ಮೊದಲ ಎರಡು ಪದಗಳ ಮೊತ್ತದ ವರ್ಗಮೂಲ. ಇಲ್ಲಿ ಅದು 13.704ರ ವರ್ಗಮೂಲ, ಅಂದರೆ 3.70. ಕೋವೇರಿಯನ್ಸ್ ಋಣವಾಗಿದ್ದರೆ ಉತ್ತರ ಇದಕ್ಕಿಂತ ಕಡಿಮೆ ಇರಲೇಬೇಕು, ಧನವಾಗಿದ್ದರೆ ಹೆಚ್ಚು. ಚಿಹ್ನೆ ತಪ್ಪಿಸಿದವನಿಗೆ 4.73 ಬರುತ್ತದೆ, ಸಿಕ್ಕಿಬೀಳುತ್ತಾನೆ. 3.06 ಮತ್ತು 3.66 ಮಾತ್ರ ಈ ಗಡಿಯೊಳಗೇ ನುಸುಳಿಬಿಡುತ್ತವೆ. ಆದ್ದರಿಂದ ಮೂರನೆಯ ಪದವನ್ನು ಬೇರೆ ಸಾಲಿನಲ್ಲಿ, 2 × 0.4 × 0.6 × (−18) ಎಂದು ಬಿಡಿಸಿ ಬರೆಯುವುದನ್ನು ರೂಢಿ ಮಾಡಿಕೊಂಡೆ.

ಪ್ರಶ್ನೆಯ ಕೊನೆಯಲ್ಲಿ ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದಿದ್ದರೆ ರಿಸ್ಕ್ ಕಡಿಮೆಯಾಯಿತು ಎಂದಷ್ಟೇ ಬರೆಯಬೇಡ. Bಯೊಂದನ್ನೇ ಇಟ್ಟುಕೊಂಡರೆ ಪ್ರತಿಫಲ 9, ರಿಸ್ಕ್ 3.38, ಹೆಚ್ಚು ಏರಿಳಿತದ Aಯನ್ನು 40 ಶೇಕಡಾ ಬೆರೆಸಿದ ಮೇಲೆ ಪ್ರತಿಫಲ 11.4ಕ್ಕೆ ಏರಿಯೂ ರಿಸ್ಕ್ 2.25ಕ್ಕೆ ಇಳಿದಿದೆ, ಅದಕ್ಕೆ ಕಾರಣ ಆ −18, ಎಂದು ಬರೆ.

ಇಂತಿ,
ನಿನ್ನ ಅಣ್ಣ